ನಲವತ್ತೆರಡು ಪುಟದ ಸಾಲದ ಕರಾರನ್ನು ಒಂದು ಹಾಳೆಗೆ ಇಳಿಸಿದ್ದು

ನನ್ನ ಅಣ್ಣನ ಮಗ ತಿಪಟೂರಿನ ಹತ್ತಿರದವನು. ಎಳನೀರು ಸಾಗಿಸಲು ಒಂದು ಹಳೆಯ ಗೂಡ್ಸ್ ಗಾಡಿ ಕೊಳ್ಳಬೇಕೆಂದು ಫೈನಾನ್ಸ್ ಕಂಪನಿಯೊಂದರಲ್ಲಿ 3 ಲಕ್ಷ ರೂಪಾಯಿ ಸಾಲ ಕೇಳಿದ್ದ. ಸಾಲ ಮಂಜೂರಾಯಿತು. ಸಹಿ ಹಾಕುವ ಮೊದಲು ಕಾಗದಗಳನ್ನು ನನ್ನ ಹತ್ತಿರ ತಂದ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, 42 ಪುಟ. "ಚಿಕ್ಕಪ್ಪ, ಬಡ್ಡಿ ಹತ್ತೇ ಪರ್ಸೆಂಟ್ ಅಂತೆ. ಮೂರು ವರ್ಷ. ಉಳಿದದ್ದೆಲ್ಲ ಮಾಮೂಲಿ ಅಂತ ಏಜೆಂಟ್ ಹೇಳಿದ" ಅಂದ.

ಆ ಮಾಮೂಲಿಯನ್ನೇ ನಾವಿಬ್ಬರೂ ಎರಡು ಸಂಜೆ ಕೂತು ಓದಿದೆವು. ಕೊನೆಗೆ ಅದು ಒಂದು ಹಾಳೆಗೆ ಇಳಿಯಿತು. ಹೇಗೆ ಇಳಿಸಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕರಾರುಗಳ ಒಳಗಿನ ಕಟ್ಟು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಒಮ್ಮೆ ದಾರಿ ಗೊತ್ತಾದರೆ ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು.

ಮೊದಲ ಪುಟದಿಂದ ಓದಲು ಶುರು ಮಾಡಿದರೆ ಹತ್ತನೇ ಪುಟದ ಹೊತ್ತಿಗೆ ಸುಸ್ತಾಗುತ್ತದೆ. ಅಲ್ಲಿ ಒಂದು ಅಂಕಿಯೂ ಸಿಗುವುದಿಲ್ಲ. 'ಬಡ್ಡಿ ಎಂದರೆ ಅನುಬಂಧದಲ್ಲಿ ಹೇಳಿರುವ ಬಡ್ಡಿ', 'ಶುಲ್ಕ ಎಂದರೆ ಅನುಬಂಧದಲ್ಲಿ ಹೇಳಿರುವ ಶುಲ್ಕ' ಅಂತಲೇ ಇರುತ್ತದೆ. ಮುಂಭಾಗದ ಪುಟಗಳು ಅಚ್ಚು ಹಾಕಿದವು, ಎಲ್ಲ ಸಾಲಗಾರರಿಗೂ ಒಂದೇ. ನಮ್ಮ ಸಾಲದ ನಿಜವಾದ ಅಂಕಿಗಳು ಇರುವುದು ಕಟ್ಟಕಡೆಯ ಅನುಬಂಧದಲ್ಲಿ, ಅಂದರೆ ಷೆಡ್ಯೂಲ್‌ನಲ್ಲಿ. ಹಾಗಾಗಿ ಓದುವುದನ್ನು ಹಿಂದಿನಿಂದ ಶುರು ಮಾಡಬೇಕು. ಷೆಡ್ಯೂಲ್‌ನ ಒಂದೊಂದು ಅಂಕಿಯನ್ನೂ ಹಾಳೆಗೆ ಇಳಿಸಿಕೊಂಡು, ಆಮೇಲೆ ಆ ಅಂಕಿಯನ್ನು ಯಾವ ಯಾವ ಕಲಮು ಮುಟ್ಟುತ್ತದೆ ಅಂತ ಮುಂಭಾಗದ ಪುಟಗಳಲ್ಲಿ ಹುಡುಕಬೇಕು. ಅಂಕಿ ಒಂದು ಕಡೆ ಇರುತ್ತದೆ, ಅದು ಯಾವಾಗ ಬದಲಾಗುತ್ತದೆ ಅನ್ನುವ ಮಾತು ಇಪ್ಪತ್ತು ಪುಟ ಆಚೆ ಇರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಮಾತ್ರ ಹಾಳೆ ಕೆಲಸಕ್ಕೆ ಬರುತ್ತದೆ. ಪಕ್ಕದಲ್ಲಿ ಕಲಮಿನ ನಂಬರು ಹಾಕಿಕೊಳ್ಳಿ. ನಾಳೆ ಕಂಪನಿಯವರ ಮುಂದೆ ಕೂತಾಗ ಬೆರಳಿಟ್ಟು ತೋರಿಸಲು ಅದು ಬೇಕು.

ಇನ್ನೊಂದು ಕಾಗದ ಕೈಯಲ್ಲಿ ಇರಲೇಬೇಕು. ಅದರ ಹೆಸರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಬಾಯಲ್ಲಿ ಕೆಎಫ್‌ಎಸ್. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ, 2024ರ ಅಕ್ಟೋಬರ್ 1ರಿಂದ ಹೊಸದಾಗಿ ಮಂಜೂರಾಗುವ ಎಲ್ಲ ರಿಟೇಲ್ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಇದನ್ನು ಕೊಡಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ವಿವರಿಸಿ ಹೇಳಬೇಕು. ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಬಹುದು. ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಸಾಲವಾದರೆ, ಕೆಎಫ್‌ಎಸ್ ಕೈಗೆ ಬಂದ ಮೇಲೆ ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಸಮಯ ಇರುತ್ತದೆ. ಅಷ್ಟು ದಿನ ಆ ಷರತ್ತುಗಳನ್ನು ಅವರು ಬದಲಿಸುವಂತಿಲ್ಲ. 'ಇವತ್ತೇ ಸಹಿ ಹಾಕಿ, ನಾಳೆ ಆಫರ್ ಇರಲ್ಲ' ಅಂತ ಏಜೆಂಟ್ ಅವಸರ ಮಾಡಿದರೆ ಈ ಮೂರು ದಿನವನ್ನು ನೆನಪಿಸಿ. ನಾವು ಆ ಎರಡು ಸಂಜೆ ಕೂತದ್ದು ಈ ಸಮಯದಲ್ಲೇ.

ಕೆಎಫ್‌ಎಸ್ ತಾನೇ ಒಂದು ಸಾರಾಂಶ ಅಲ್ವಾ, ಮತ್ತೆ ನಮ್ಮ ಹಾಳೆ ಯಾಕೆ ಅಂತ ಕೇಳಬಹುದು. ಅದರಲ್ಲಿ ಬಡ್ಡಿ, ಕಂತು, ಶುಲ್ಕಗಳು, ದಂಡ, ದೂರು ಕೊಡುವ ಅಧಿಕಾರಿಯ ಫೋನ್ ನಂಬರು ಎಲ್ಲ ಇರುತ್ತವೆ. ಆದರೆ ನಾವು ಕಟ್ಟಿದ ಹಣ ಮೊದಲು ಯಾವುದಕ್ಕೆ ಜಮಾ ಆಗುತ್ತದೆ, ಒಂದು ಕಂತು ತಪ್ಪಿದರೆ ಕಂಪನಿ ಏನೇನು ಮಾಡಬಹುದು ಅನ್ನುವಂಥ ಮಾತುಗಳು ಕರಾರಿನ ಒಳಗೇ ಉಳಿದಿರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೊಂದದ ಜಾಗಗಳೂ ಕಣ್ಣಿಗೆ ಬೀಳುತ್ತವೆ.

ಮೊದಲು ಬಡ್ಡಿ. ಏಜೆಂಟ್ ಹೇಳಿದ 'ಹತ್ತು ಪರ್ಸೆಂಟ್' ಫ್ಲಾಟ್ ಲೆಕ್ಕದ್ದು. 3 ಲಕ್ಷಕ್ಕೆ ವರ್ಷಕ್ಕೆ 30 ಸಾವಿರ, ಮೂರು ವರ್ಷಕ್ಕೆ 90 ಸಾವಿರ. ಅಸಲು ಬಡ್ಡಿ ಸೇರಿ 3,90,000. ಅದನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 10,833 ರೂಪಾಯಿ ಕಂತು. ಲೆಕ್ಕ ಸರಳವಾಗಿದೆ, ಅದಕ್ಕೇ ಜನ ಒಪ್ಪಿಬಿಡುತ್ತಾರೆ. ಆದರೆ ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು ತೀರುತ್ತಾ ಹೋಗುತ್ತದೆ. ಕೊನೆಯ ವರ್ಷದಲ್ಲಿ ಅವನ ಹತ್ತಿರ ಉಳಿದಿರುವ ಸಾಲ ಮೂರು ಲಕ್ಷ ಅಲ್ಲವೇ ಅಲ್ಲ. ಆದರೂ ಬಡ್ಡಿ ಮಾತ್ರ ಪೂರ್ತಿ ಮೂರು ಲಕ್ಷಕ್ಕೇ ಹಾಕಿದ್ದಾರೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಲೆಕ್ಕ ಹಾಕಿದರೆ, ಅಂದರೆ ರೆಡ್ಯೂಸಿಂಗ್ ಲೆಕ್ಕದಲ್ಲಿ, ಇದೇ ಕಂತಿಗೆ ವರ್ಷದ ದರ ಸುಮಾರು ಶೇ 17.92 ಬರುತ್ತದೆ. ಕರಾರಿನ ಷೆಡ್ಯೂಲ್‌ನಲ್ಲಿ ಇದ್ದದ್ದೂ 17.92. ಏಜೆಂಟ್ ಬಾಯಲ್ಲಿ ಹತ್ತು, ಕಾಗದದಲ್ಲಿ ಹದಿನೆಂಟರ ಹತ್ತಿರ. ಎರಡೂ ಒಂದೇ ಸಾಲದ ಲೆಕ್ಕ. ನಮ್ಮ ಹಾಳೆಗೆ ಹೋಗಬೇಕಾದದ್ದು ಎರಡನೆಯದು. ಬೇರೆ ಬ್ಯಾಂಕಿನ ದರದ ಜೊತೆ ಹೋಲಿಸಲು ಬರುವುದು ಅದೊಂದೇ.

ಅಷ್ಟಕ್ಕೇ ನಿಲ್ಲುವಂತಿಲ್ಲ. ಮೂರು ಲಕ್ಷ ಸಾಲ ಅಂದರೂ ಕೈಗೆ ಬರುವುದು ಎಷ್ಟು? ಪ್ರೊಸೆಸಿಂಗ್ ಶುಲ್ಕ ಶೇ 2, ಅಂದರೆ 6,000. ಅದಕ್ಕೆ ಶೇ 18 ಜಿಎಸ್‌ಟಿ 1,080. ಕಾಗದ ಪತ್ರದ ಖರ್ಚು 420. ಜೊತೆಗೆ 7,500 ರೂಪಾಯಿಯ ಒಂದು ವಿಮೆ. ಇದು ಗಾಡಿಗೆ ಮಾಡಿಸಲೇಬೇಕಾದ ವಿಮೆ ಅಲ್ಲ. ಸಾಲಗಾರ ತೀರಿಕೊಂಡರೆ ಉಳಿದ ಸಾಲ ತೀರಿಸುವ ಜೀವವಿಮೆ. ಒಟ್ಟು 15,000 ಮೊದಲೇ ಮುರಿದುಕೊಂಡು ಕೈಗೆ ಕೊಡುವುದು 2,85,000. ಆದರೆ ಕಂತು ಕಟ್ಟುವುದು ಪೂರ್ತಿ ಮೂರು ಲಕ್ಷಕ್ಕೆ. ಈ ಮುರಿತವನ್ನೂ ಸೇರಿಸಿ ತೆಗೆದ ವರ್ಷದ ದರಕ್ಕೆ ಎಪಿಆರ್ ಅನ್ನುತ್ತಾರೆ. ವಿಮೆ ಬೇರೆ ಕಂಪನಿಯದ್ದಾದರೂ, ಅದರ ಹಣವನ್ನು ಸಾಲ ಕೊಡುವವರೇ ವಸೂಲು ಮಾಡುವುದಾದರೆ ಎಪಿಆರ್ ಲೆಕ್ಕಕ್ಕೆ ಸೇರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಆದೇಶ ಹೇಳುತ್ತದೆ. ಕೆಎಫ್‌ಎಸ್‌ನಲ್ಲಿ ಇದು ಇರುತ್ತದೆ. ಆದರೂ ನಾವೇ ಒಮ್ಮೆ ತಾಳೆ ನೋಡುವುದು ಒಳ್ಳೆಯದು. ಎಕ್ಸೆಲ್‌ನಲ್ಲೋ ಮೊಬೈಲಿನ ಶೀಟ್ಸ್‌ನಲ್ಲೋ ಒಂದು ಖಾನೆಯಲ್ಲಿ ಹೀಗೆ ಬರೆಯಿರಿ:

```
=RATE(36,-10833,285000)*12
```

ಮೊದಲನೆಯದು ಕಂತುಗಳ ಸಂಖ್ಯೆ. ಎರಡನೆಯದು ಕಂತಿನ ಮೊತ್ತ. ನಮ್ಮ ಕೈಯಿಂದ ಹೋಗುವ ಹಣವಾದ್ದರಿಂದ ಅದಕ್ಕೆ ಮೈನಸ್ ಗುರುತು. ಮೂರನೆಯದು ಕೈಗೆ ಬಂದ ಹಣ. ಉತ್ತರವನ್ನು ಶೇಕಡಾ ರೂಪದಲ್ಲಿ ನೋಡಿದರೆ ಸುಮಾರು 21.65 ಬರುತ್ತದೆ. ಹತ್ತು ಅಂತ ಶುರುವಾದ ಮಾತು ಇಪ್ಪತ್ತೊಂದೂವರೆ ದಾಟಿತು. ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ.

ಬಡ್ಡಿಯ ವಿಷಯದಲ್ಲಿ ಇನ್ನೊಂದು ಎಳೆ ಉಳಿದಿತ್ತು. ಷೆಡ್ಯೂಲ್‌ನಲ್ಲಿ 'ಸ್ಥಿರ ದರ' ಅಂತ ಇತ್ತು. ಆದರೆ ಹದಿನೊಂದನೇ ಪುಟದ ಒಂದು ಕಲಮು 'ನಾಟ್‌ವಿತ್‌ಸ್ಟ್ಯಾಂಡಿಂಗ್' ಅನ್ನುವ ಪದದಿಂದ ಶುರುವಾಗಿತ್ತು. 'ಬೇರೆಲ್ಲಿ ಏನೇ ಹೇಳಿದ್ದರೂ' ಅಂತ ಅದರ ಅರ್ಥ. ಹಣದ ಮಾರುಕಟ್ಟೆಯಲ್ಲಿ ದೊಡ್ಡ ಏರುಪೇರಾದರೆ ಕಂಪನಿ ತನ್ನ ವಿವೇಚನೆಯಂತೆ ದರ ಬದಲಿಸಬಹುದು ಅಂತ ಅದು ಹೇಳುತ್ತಿತ್ತು. ಉದ್ದದ ಕರಾರಿನಲ್ಲಿ ಈ ಪದವನ್ನೂ 'ಸೋಲ್ ಡಿಸ್ಕ್ರಿಷನ್' ಅನ್ನುವ ಮಾತನ್ನೂ ಪೆನ್ಸಿಲ್ ಹಿಡಿದು ಹುಡುಕಿ. ಪಿಡಿಎಫ್ ಇದ್ದರೆ ಹುಡುಕುವುದು ಇನ್ನೂ ಸಲೀಸು. ಮೊದಲ ಪದವಿರುವ ಕಲಮು ಬೇರೆ ಕಲಮುಗಳನ್ನು ಮೀರಿ ನಿಲ್ಲುತ್ತದೆ, ಎರಡನೆಯದು ತೀರ್ಮಾನವನ್ನು ಕಂಪನಿಯ ಇಷ್ಟಕ್ಕೇ ಬಿಡುತ್ತದೆ. ಹಾಗಾಗಿ ನಮ್ಮ ಹಾಳೆಯಲ್ಲಿ 'ಸ್ಥಿರ ದರ' ಅಂತಷ್ಟೇ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. 'ಸ್ಥಿರ, ಆದರೆ ಕಂಪನಿ ಬದಲಿಸಬಹುದು' ಅಂತ ಬರೆದು ಕಲಮಿನ ನಂಬರು ಹಾಕಿದೆವು. ಬದಲಿಸಿದರೂ ಮುಂದಿನ ದಿನಗಳಿಗೆ ಮಾತ್ರ ಬದಲಿಸಬೇಕು, ಹಿಂದಿನ ತಾರೀಖಿಗೆ ಅನ್ವಯಿಸಬಾರದು ಅನ್ನುವುದು ಫೈನಾನ್ಸ್ ಕಂಪನಿಗಳಿಗೆ ಇರುವ ನಿಯಮ.

ಈಗ ದಂಡ. ನಮಗೆ ತುಂಬ ಹೊತ್ತು ಹಿಡಿದದ್ದು ಇದೇ. ದಂಡ ಅನ್ನುವುದು ಕರಾರಿನಲ್ಲಿ ಒಂದೇ ಜಾಗದಲ್ಲಿ, ಒಂದೇ ಹೆಸರಿನಲ್ಲಿ ಇರುವುದಿಲ್ಲ. ನಮಗೆ ಮೂರು ಕಡೆ ಸಿಕ್ಕಿತು. ಷೆಡ್ಯೂಲ್‌ನಲ್ಲಿ 'ದಂಡ ಶುಲ್ಕ, ಬಾಕಿ ಕಂತಿನ ಮೇಲೆ ತಿಂಗಳಿಗೆ ಶೇ 3'. ಅದರ ಕೆಳಗೆ 'ಬೌನ್ಸ್ ಶುಲ್ಕ 500'. ಇನ್ನೆಲ್ಲೋ ವಸೂಲಿಯ ಕಲಮಿನಲ್ಲಿ 'ಸಿಬ್ಬಂದಿ ಮನೆಗೆ ಬಂದರೆ ಪ್ರತಿ ಭೇಟಿಗೆ 300'.

ಇದನ್ನು ಹಾಗೇ ಪಟ್ಟಿ ಮಾಡಿದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಒಂದು ತಪ್ಪಿದ ಕಂತನ್ನು ಊಹಿಸಿಕೊಂಡು ಲೆಕ್ಕ ಮಾಡಿದೆವು. 5ನೇ ತಾರೀಖು ಖಾತೆಯಲ್ಲಿ ಹಣ ಇರಲಿಲ್ಲ, 25ಕ್ಕೆ ಕಟ್ಟಿದ ಅಂತ ಇಟ್ಟುಕೊಳ್ಳಿ. 10,833ಕ್ಕೆ ತಿಂಗಳಿಗೆ ಶೇ 3ರಂತೆ 20 ದಿನಕ್ಕೆ 217 ರೂಪಾಯಿ ದಂಡ. ಬೌನ್ಸ್ 500. ಒಮ್ಮೆ ಮನೆಗೆ ಬಂದರೆ 300. ಒಟ್ಟು 1,017. ಇದಲ್ಲದೆ ಅವನ ಸ್ವಂತ ಬ್ಯಾಂಕು ಕೂಡ ಹಣವಿಲ್ಲದೆ ವಾಪಸಾದ ಮ್ಯಾಂಡೇಟಿಗೆ, ಅಂದರೆ ಖಾತೆಯಿಂದ ಕಂತು ಮುರಿಯಲು ಕೊಟ್ಟ ಒಪ್ಪಿಗೆಗೆ, ತನ್ನ ಪಾಲಿನ ಶುಲ್ಕ ಮುರಿಯುತ್ತದೆ. ನೋಡಿ, 'ಶೇ 3' ಅನ್ನುವ ಅಂಕಿ ಹೆದರಿಸುತ್ತದೆ. ಆದರೆ ಅದರ ಪಾಲು 217 ಮಾತ್ರ. ಜಾಸ್ತಿ ಹೋಗುವುದು ಬೌನ್ಸಿಗೆ. ತಡವಾಗುತ್ತದೆ ಅಂತ ಮೊದಲೇ ಗೊತ್ತಾದರೆ ಆ ತಾರೀಖಿಗಿಂತ ಮುಂಚೆಯೇ ಕಂಪನಿಗೆ ಹೇಳಿ ದಾರಿ ಕೇಳಬೇಕು ಅನ್ನುವುದು ಈ ಲೆಕ್ಕದಿಂದ ತಿಳಿಯುತ್ತದೆ.

ದಂಡದ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಒಂದು ಗಟ್ಟಿ ಆದೇಶ ಹೊರಡಿಸಿದೆ. ಹೊಸ ಸಾಲಗಳಿಗೆ ಅದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೊದಲೆಲ್ಲ ಕಂತು ತಪ್ಪಿದರೆ ಬಡ್ಡಿಯ ದರವನ್ನೇ ಏರಿಸಿ 'ದಂಡ ಬಡ್ಡಿ' ಅಂತ ಹಾಕುತ್ತಿದ್ದರು. ಈಗ ಹಾಗೆ ಮಾಡುವಂತಿಲ್ಲ. ದಂಡವನ್ನು ಪ್ರತ್ಯೇಕ ಶುಲ್ಕವಾಗಿಯೇ ಹಾಕಬೇಕು. ಅದನ್ನು ಅಸಲಿಗೆ ಸೇರಿಸಬಾರದು, ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು. ಕರಾರಿನಲ್ಲಿ ಇನ್ನೂ 'ಪೀನಲ್ ಇಂಟರೆಸ್ಟ್' ಅನ್ನುವ ಹಳೆಯ ಮಾತು ಕಂಡರೆ ಅದು ಹಳೆಯ ಅಚ್ಚು ಅಂತ ತಿಳಿದು ಪ್ರಶ್ನೆ ಕೇಳಿ.

ಇಷ್ಟೆಲ್ಲ ಆದ ಮೇಲೂ ಒಂದು ಕಲಮು ನನ್ನನ್ನು ಕಾಡಿತು. ಕಟ್ಟಿದ ಹಣ ಯಾವ ಕ್ರಮದಲ್ಲಿ ಜಮಾ ಆಗುತ್ತದೆ ಅನ್ನುವ ಕಲಮು ಅದು. ಇಂಗ್ಲಿಷಿನಲ್ಲಿ 'ಅಪ್ರೋಪ್ರಿಯೇಷನ್' ಅಂತ ಅದಕ್ಕೆ ತಲೆಬರಹ. ಮೊದಲು ಶುಲ್ಕ ಮತ್ತು ದಂಡಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ಅಸಲಿಗೆ ಅಂತ ಅದರಲ್ಲಿತ್ತು. ಓದಿದರೆ ಸಪ್ಪೆ. ಆದರೆ ಮೇಲಿನ ಉದಾಹರಣೆಗೆ ಹಾಕಿ ನೋಡಿ. 25ನೇ ತಾರೀಖು ಹುಡುಗ ಕಚೇರಿಗೆ ಹೋಗಿ 10,833 ಕಟ್ಟಿ ರಸೀದಿ ತಂದ, ಕಂತು ಮುಗಿಯಿತು ಅಂದುಕೊಂಡ. ಕಂಪನಿಯ ಲೆಕ್ಕದಲ್ಲಿ ಮೊದಲು ದಂಡ ಮತ್ತು ಬೌನ್ಸಿನ 717 ಹೋಯಿತು. ಕಂತಿಗೆ ಜಮಾ ಆದದ್ದು 10,116. ಅಂದರೆ ಕಂತು ಇನ್ನೂ 717 ಬಾಕಿ. ಮುಂದಿನ ತಿಂಗಳು ಸರಿಯಾದ ದಿನಕ್ಕೇ 10,833 ಹೋದರೂ ಆ ಬಾಕಿ ಹಾಗೇ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಬಾಕಿಯ ಮೇಲಿನ ದಂಡ ತಿಂಗಳಿಗೆ ಇಪ್ಪತ್ತು ಚಿಲ್ಲರೆ ರೂಪಾಯಿ ಇರಬಹುದು. ಆದರೆ ಕ್ರೆಡಿಟ್ ವರದಿಯಲ್ಲಿ ಕಂತು ತಡವಾದ ದಿನಗಳು ಏರುತ್ತಾ ಹೋಗಬಹುದು. 'ನಾನು ಒಂದೇ ಕಂತು ತಡ ಮಾಡಿದ್ದು, ಆಮೇಲೆ ಎಲ್ಲ ಸರಿಯಾಗಿ ಕಟ್ಟಿದ್ದೇನೆ' ಅನ್ನುವವರ ಸ್ಕೋರು ಯಾಕೆ ಬೀಳುತ್ತದೆ ಅನ್ನುವುದಕ್ಕೆ ಇದು ಒಂದು ಕಾರಣ. ಆದ್ದರಿಂದ ಹಾಳೆಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದೆವು: ತಡವಾದರೆ ಕಂತಿನ ಜೊತೆ ದಂಡ, ಬೌನ್ಸ್ ಎಲ್ಲ ಸೇರಿಸಿ ಒಟ್ಟು ಎಷ್ಟು ಅಂತ ಕೇಳಿ, ಪೂರ್ತಿ ಕಟ್ಟಿ, ಲೆಕ್ಕದ ಪಟ್ಟಿ ತರಬೇಕು.

ಆ 300 ರೂಪಾಯಿಯ ಭೇಟಿ ಶುಲ್ಕದ ಕಥೆ ಬೇರೆ. ಅದು ಕರಾರಿನಲ್ಲಿತ್ತು, ಕೆಎಫ್‌ಎಸ್‌ನಲ್ಲಿ ಇರಲಿಲ್ಲ. ಕೆಎಫ್‌ಎಸ್‌ನಲ್ಲಿ ಹೇಳದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಸಾಲದ ಅವಧಿಯಲ್ಲಿ ಯಾವಾಗಲೂ ಹಾಕುವಂತಿಲ್ಲ. ಆದರೆ ಆ ಕಲಮು ಇರುವ ಕರಾರಿಗೆ ಸಹಿ ಹಾಕಿದ್ದೀಯಲ್ಲ, ಅದೇ ಒಪ್ಪಿಗೆ ಅಂತ ನಾಳೆ ವಾದ ಮಾಡಬಹುದು. ಹಾಗಾಗಿ ಸಹಿಗೆ ಮೊದಲೇ ಆ ಸಾಲು ಹೊಡೆದುಹಾಕಿಸುವುದು ಒಳ್ಳೆಯದು.

ಕಂತುಗಳ ಪಟ್ಟಿಗೆ ಬರೋಣ. 36 ಸಾಲುಗಳ ಈ ಪಟ್ಟಿಯನ್ನು ಹಾಳೆಗೆ ನಕಲು ಮಾಡಬೇಕಿಲ್ಲ. ಮೂರು ಜಾಗ ನೋಡಿದರೆ ಸಾಕು. ಮೊದಲ ಕಂತಿನ 10,833ರಲ್ಲಿ ಬಡ್ಡಿಯೇ ಸುಮಾರು 4,479, ಅಸಲು 6,354. ಕೊನೆಯ ಕಂತು ಚಿಲ್ಲರೆ ಸೇರಿ 10,845. ನಡುವೆ ಹನ್ನೆರಡನೇ ಕಂತು. ಅಲ್ಲಿಗೆ ಅವನು 1,30,000ದಷ್ಟು ಕಟ್ಟಿರುತ್ತಾನೆ. ಮೂರರಲ್ಲಿ ಒಂದು ಪಾಲು ಅವಧಿ ಮುಗಿಯಿತು, ಇನ್ನು ಎರಡು ಲಕ್ಷ ಉಳಿದಿದೆ ಅಂತ ಅವನ ಊಹೆ. ಪಟ್ಟಿಯಲ್ಲಿ ಉಳಿದ ಅಸಲು ಸುಮಾರು 2,17,170. ಮೊದಮೊದಲು ಕಂತಿನಲ್ಲಿ ಬಡ್ಡಿಯ ಪಾಲು ಜಾಸ್ತಿ ಇರುವುದರಿಂದ ಹೀಗಾಗುತ್ತದೆ. ಆ ಹೊತ್ತಿಗೆ ಕೈಯಲ್ಲಿ ಹಣ ಬಂದು ಸಾಲ ತೀರಿಸಿಬಿಡೋಣ ಅಂದರೆ, ಷೆಡ್ಯೂಲ್‌ನಲ್ಲಿ ಮುಂಚೆ ತೀರಿಸುವುದಕ್ಕೆ ಶೇ 4 ಶುಲ್ಕ ಇತ್ತು. 2,17,170ಕ್ಕೆ ಅದು 8,687, ಮೇಲೆ ಜಿಎಸ್‌ಟಿ. 'ಶೇ 4' ಅಂತ ಬರೆದರೆ ಮರೆತುಹೋಗುತ್ತದೆ. 'ಒಂದು ವರ್ಷಕ್ಕೆ ತೀರಿಸಿದರೆ ಹತ್ತು ಸಾವಿರದಷ್ಟು ಹೆಚ್ಚಿಗೆ' ಅಂತ ಬರೆದರೆ ನೆನಪಿರುತ್ತದೆ.

ತಾರೀಖನ್ನೂ ನೋಡಿ. ಕಂತಿನ ದಿನ 5. ಎಳನೀರಿನ ಮಂಡಿಯಿಂದ ಅವನಿಗೆ ತಿಂಗಳ ಬಾಡಿಗೆ ಬರುವುದು 10ರ ಸುಮಾರಿಗೆ. ಈ ಐದು ದಿನದ ಅಂತರವೇ ಮೂರು ವರ್ಷವೂ ಬೌನ್ಸಿಗೆ ದಾರಿ ಮಾಡುತ್ತಿತ್ತು. ಭಾನುವಾರ, ಹಬ್ಬ ಅಂತ ಒಂದು ದಿನ ಸಿಗುತ್ತದೆ ಅನ್ನುವ ಕಾಲವೂ ಈಗಿಲ್ಲ. ಖಾತೆಯಿಂದ ಕಂತನ್ನು ತಾನಾಗಿಯೇ ಮುರಿಯುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್‌ನಿಂದ ವಾರದ ಎಲ್ಲ ದಿನವೂ ನಡೆಯುತ್ತದೆ.

ಕಂತು ನಿಂತೇಹೋದರೆ ಏನು ಅನ್ನುವ ಭಾಗವನ್ನು ಎರಡೇ ಸಾಲಿಗೆ ಇಳಿಸಿದೆವು. ಉಳಿದ ಸಾಲವನ್ನೆಲ್ಲ ಒಟ್ಟಿಗೆ ಕೇಳುವ ಹಕ್ಕು ಕಂಪನಿಗೆ ಇದೆ. ಗಾಡಿ ವಶಕ್ಕೆ ತೆಗೆದುಕೊಳ್ಳುವ ಮೊದಲು ಎಷ್ಟು ದಿನದ ನೋಟಿಸ್, ಮಾರುವ ಮೊದಲು ಹಣ ಕಟ್ಟಲು ಕೊನೆಯ ಅವಕಾಶ ಇದೆಯೇ ಅನ್ನುವುದು ಕರಾರಿನಲ್ಲೇ ಇರಬೇಕು. ಜಾಮೀನು ಹಾಕುವವನು ನಮ್ಮ ಅಣ್ಣ. ಅವನಿಗೂ ಈ ಹಾಳೆ ಓದಿ ಹೇಳಿದೆವು. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸುಮ್ನೆ ಒಂದು ಸಹಿ ಅಂದುಕೊಂಡಿದ್ದ ಅಣ್ಣ ಆಮೇಲೆ ಎರಡು ಪ್ರಶ್ನೆ ಕೇಳಿದ.

ಕೊನೆಗೆ ಹಾಳೆ ಹೀಗೆ ನಿಂತಿತು. ಕಲಮಿನ ನಂಬರುಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಸಾಲ 3,00,000. ಕೈಗೆ 2,85,000.
ಬಡ್ಡಿ ಉಳಿದ ಅಸಲಿನ ಮೇಲೆ ಶೇ 17.92. ಖರ್ಚು ಸೇರಿ ಶೇ 21.65. ಸ್ಥಿರ, ಆದರೆ ಕಂಪನಿ ಬದಲಿಸಬಹುದು.
ಕಂತು 10,833, ಪ್ರತಿ 5ಕ್ಕೆ, 36 ತಿಂಗಳು. ಒಟ್ಟು ಕಟ್ಟುವುದು 3,90,000.
20 ದಿನ ತಡವಾದರೆ ದಂಡ 217, ಬೌನ್ಸ್ 500. ಮನೆ ಭೇಟಿ 300, ಇದು ಕೆಎಫ್‌ಎಸ್‌ನಲ್ಲಿ ಇಲ್ಲ.
ಕಟ್ಟಿದ ಹಣ ಮೊದಲು ದಂಡಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ಅಸಲಿಗೆ.
ಒಂದು ವರ್ಷಕ್ಕೆ ತೀರಿಸಿದರೆ ಬಾಕಿ 2,17,170, ಮೇಲೆ ಸುಮಾರು 10,250.
ಕಂತು ನಿಂತರೆ ಪೂರ್ತಿ ಸಾಲ ಒಟ್ಟಿಗೆ ಕೇಳಬಹುದು. ಅಣ್ಣನ ಹೊಣೆಯೂ ಅಷ್ಟೇ.

ಈ ಹಾಳೆಗೆ ಕಾನೂನಿನ ಬೆಲೆ ಇಲ್ಲ. ಜಗಳ ಬಂದರೆ ನಿಲ್ಲುವುದು ಸಹಿ ಹಾಕಿದ ಕರಾರು. ಹಾಗಾಗಿ ಹಾಳೆಯಲ್ಲಿ ಕಂಡ ತೊಡಕನ್ನು ಕರಾರಿನಲ್ಲೇ ತಿದ್ದಿಸಬೇಕು, ಬಾಯಿಮಾತು ಸಾಲದು.

ಮೂರನೇ ದಿನ ಹುಡುಗ ಹಾಳೆ ಹಿಡಿದು ಕಚೇರಿಗೆ ಹೋದ. ಮುಂಚೆ ತೀರಿಸುವ ಶುಲ್ಕವನ್ನು ಅವರು ಇಳಿಸಲಿಲ್ಲ. ದರ ಬದಲಿಸುವ ಕಲಮನ್ನೂ ಬಿಡಲಿಲ್ಲ. ಮನೆ ಭೇಟಿಯ ಸಾಲಿಗೆ ಗೀಟು ಎಳೆದು ಎರಡೂ ಕಡೆಯವರು ಸಹಿ ಹಾಕಿದರು. ಕಂತಿನ ದಿನ 5ರಿಂದ 12ಕ್ಕೆ ಹೋಯಿತು. ಅವನ ಹೆಸರಿನಲ್ಲಿ ಬೇರೆ ಜೀವವಿಮೆ ಆಗಲೇ ಇತ್ತು, ಅದನ್ನು ತೋರಿಸಿ 7,500ರ ವಿಮೆ ಬೇಡ ಅಂದ. ಒಪ್ಪಿದರು. ಹೊಸ ಕೆಎಫ್‌ಎಸ್ ಕೊಟ್ಟರು. ಕೈಗೆ 2,92,500 ಬಂತು. ಸಂಜೆ ಮನೆಗೆ ಬಂದವನೇ ಮೊಬೈಲಿನಲ್ಲಿ ಆ ಸೂತ್ರದ ಕೊನೆಯ ಅಂಕಿ ಬದಲಿಸಿ ನೋಡಿದ. 19.75 ಬಂತು.